ಗೊತ್ತಿಲ್ಲದ ಪ್ರಶ್ನೆ: ಬಿಡುವುದೋ, ಬರೆಯುವುದೋ?

ಕರ್ನಾಟಕದ ಪಿಯು ವಿಜ್ಞಾನ ವಿದ್ಯಾರ್ಥಿಗಳಲ್ಲಿ ಅನೇಕರು ಸಿಇಟಿ, ನೀಟ್ ಎರಡನ್ನೂ ಬರೆಯುತ್ತಾರೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ದಂಡವಿಲ್ಲ, ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಕಿಲ್ಲ. ನೀಟ್‌ನಲ್ಲಿ ಹಾಗಲ್ಲ. ಸರಿ ಉತ್ತರಕ್ಕೆ 4 ಅಂಕ ಬರುತ್ತದೆ, ತಪ್ಪಿಗೆ 1 ಅಂಕ ಹೋಗುತ್ತದೆ, ಬಿಟ್ಟರೆ ಸೊನ್ನೆ.

ಹಾಗಾದರೆ ಅನುಮಾನವಿರುವುದನ್ನೆಲ್ಲ ಬಿಟ್ಟುಬಿಡಬೇಕೆ? ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಐದು ಪ್ರಶ್ನೆಗಳಲ್ಲಿ ಒಂದು ಸರಿಯಾಗಿ ನಾಲ್ಕು ತಪ್ಪಾದರೆ ಬಂದ 4 ಅಂಕ ಹಾಗೇ ಹೋಗುತ್ತದೆ. ಐದರಲ್ಲಿ ಒಂದಕ್ಕಿಂತ ಹೆಚ್ಚು ಸರಿಯಾಗುವಂತಿದ್ದರೆ ಬರೆಯುವುದೇ ಲಾಭ. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಖಚಿತವಾಗಿ ತಳ್ಳಿಹಾಕಿ, ಉಳಿದೆರಡರಲ್ಲಿ ಒಂದನ್ನು ಆರಿಸಿದರೆ ಪ್ರಶ್ನೆಗೆ ಸರಾಸರಿ ಒಂದೂವರೆ ಅಂಕ ಸಿಗುತ್ತದೆ.

ಕಣ್ಣುಮುಚ್ಚಿ ಗುರುತಿಸಿದರೂ ನಾಲ್ಕರಲ್ಲೊಂದು ಸರಿಯಾಗಬೇಕಲ್ಲ ಎನ್ನಬಹುದು. ಆದರೆ ಅರ್ಧಂಬರ್ಧ ಗೊತ್ತಿರುವವರು ಕಣ್ಣುಮುಚ್ಚಿ ಆರಿಸುವುದಿಲ್ಲ. 2 ಕಿಲೋಗ್ರಾಂ ತೂಕದ ವಸ್ತು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹೋಗುತ್ತಿದೆ, ಅದರ ಚಲನಶಕ್ತಿ ಎಷ್ಟು? ಆಯ್ಕೆಗಳು 3, 6, 9, 18 ಜೌಲ್. ಸರಿಯುತ್ತರ 9. ವರ್ಗ ಮಾಡಲು ಮರೆತವರಿಗೆ 3, ಸಂವೇಗದ ಸೂತ್ರ ಹಾಕಿದವರಿಗೆ 6, ಅರ್ಧ ಮರೆತವರಿಗೆ 18 ಬರುತ್ತದೆ. ತಪ್ಪು ಮಾಡಿದವರ ಉತ್ತರವೂ ಅಲ್ಲೇ ಸಿದ್ಧವಾಗಿರುತ್ತದೆ!

ಆದ್ದರಿಂದ ತನ್ನ ಊಹೆ ಎಷ್ಟು ಸಲ ಫಲಿಸುತ್ತದೆ ಎಂಬುದನ್ನು ವಿದ್ಯಾರ್ಥಿ ಅಣಕು ಪರೀಕ್ಷೆಗಳಲ್ಲೇ ಅಳೆದುಕೊಳ್ಳಬೇಕು. ಅದಕ್ಕೆ ಒಂದು ಹಾಳೆ ಸಾಕು. ಉತ್ತರಿಸುವಾಗಲೇ ಪ್ರಶ್ನೆಯ ಪಕ್ಕದಲ್ಲಿ ಒಂದು ಅಕ್ಷರ ಬರೆಯುವುದು: ಖಚಿತವಿದ್ದರೆ ‘ಅ’, ಎರಡು ಆಯ್ಕೆ ಉಳಿದಿದ್ದರೆ ‘ಆ’, ಒಂದನ್ನಷ್ಟೇ ತಳ್ಳಿಹಾಕಿದ್ದರೆ ‘ಇ’, ಏನೂ ಗೊತ್ತಿಲ್ಲದಿದ್ದರೆ ‘ಈ’. ಉತ್ತರಗಳನ್ನು ನೋಡಿದ ಮೇಲೆ ಅಕ್ಷರ ಹಾಕಿದರೆ ಮನಸ್ಸು ಮೋಸ ಮಾಡುತ್ತದೆ.

ಒಬ್ಬ ವಿದ್ಯಾರ್ಥಿನಿಯ 180 ಪ್ರಶ್ನೆಗಳ ಹಾಳೆ ಹೀಗಿದೆ ಎಂದಿಟ್ಟುಕೊಳ್ಳೋಣ. ‘ಅ’ಯಲ್ಲಿ 110ಕ್ಕೆ 102 ಸರಿ, 400 ಅಂಕ. ‘ಆ’ಯಲ್ಲಿ 30ಕ್ಕೆ 16 ಸರಿ, 50 ಅಂಕ. ‘ಇ’ಯಲ್ಲಿ 20ಕ್ಕೆ 7 ಸರಿ, 15 ಅಂಕ. ‘ಈ’ಯಲ್ಲಿ 20ಕ್ಕೆ 3 ಮಾತ್ರ ಸರಿ, 5 ಅಂಕ ನಷ್ಟ. ‘ಆ’, ‘ಇ’ ಎರಡನ್ನೂ ಹೆದರಿ ಬಿಟ್ಟಿದ್ದರೆ 65 ಅಂಕ ಕೈತಪ್ಪುತ್ತಿತ್ತು. ಇನ್ನೊಂದು ಸಂಗತಿಯೂ ಇಲ್ಲಿ ಕಾಣುತ್ತದೆ. ಖಚಿತ ಎಂದುಕೊಂಡದ್ದರಲ್ಲೇ 8 ತಪ್ಪಿವೆ, ಅವುಗಳಿಂದ ಹೋದದ್ದು 40 ಅಂಕ.

ಇಪ್ಪತ್ತು ಪ್ರಶ್ನೆಗಳ ಫಲಿತಾಂಶದಲ್ಲಿ ಅದೃಷ್ಟದ ಪಾಲೂ ಇರುತ್ತದೆ. ನಾಲ್ಕೈದು ಪರೀಕ್ಷೆಗಳ ಹಾಳೆಗಳನ್ನು ಕೂಡಿಸಿ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಬೇರೆ ಬೇರೆ ನೋಡಿದ ಮೇಲೆಯೇ ‘ಈ’ಯನ್ನು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಸರಿ.

ಪರೀಕ್ಷೆಯ ದಿನ ಮೊದಲ ಸುತ್ತಿನಲ್ಲಿ ‘ಅ’, ಎರಡನೆಯದರಲ್ಲಿ ‘ಆ’, ಸಮಯ ಉಳಿದರೆ ‘ಇ’. ಒಎಂಆರ್ ಹಾಳೆಯಲ್ಲಿ ಪೆನ್ನಿನಿಂದ ತುಂಬಿದ ವೃತ್ತವನ್ನು ಅಳಿಸಲಾಗದು, ಒಂದೇ ಪ್ರಶ್ನೆಗೆ ಎರಡು ವೃತ್ತ ತುಂಬಿದರೆ ಅದೂ ತಪ್ಪು ಉತ್ತರವೇ. ಅದಕ್ಕೇ ಎರಡರ ನಡುವೆ ತೂಗಾಡುವುದೆಲ್ಲ ಪ್ರಶ್ನೆಪುಸ್ತಿಕೆಯಲ್ಲೇ ಮುಗಿದಿರಬೇಕು.