ಮೂಲವ್ಯಾಧಿಯ ರಕ್ತಸ್ರಾವ: ಮಾತ್ರೆ ನಿಲ್ಲಿಸುವ ಮುನ್ನ

ಅರವತ್ತೆರಡು ವರ್ಷದ ನಿವೃತ್ತ ಮೇಷ್ಟ್ರೊಬ್ಬರ ಉದಾಹರಣೆ ತೆಗೆದುಕೊಳ್ಳೋಣ. ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡ ಮೇಲೆ ದಿನವೂ ಅಸಿಟ್ರಾಮ್ ಮಾತ್ರೆ ನುಂಗುತ್ತಾರೆ. ಮೂಲವ್ಯಾಧಿ ಹಳೆಯದು, ಆಗೊಮ್ಮೆ ಈಗೊಮ್ಮೆ ಒಂದೆರಡು ಹನಿ ರಕ್ತ ಕಾಣುತ್ತಿತ್ತು. ಒಂದು ವಾರದಿಂದ ಮಾತ್ರ ಮಲ ಹೋದ ಮೇಲೂ ಕೆಂಪು ರಕ್ತ ತೊಟ್ಟಿಕ್ಕುತ್ತಿದೆ, ನೋವಿಲ್ಲ. ಗಾಬರಿಯಾಗಿ, ಅಸಿಟ್ರಾಮನ್ನೇ ಬಿಟ್ಟುಬಿಡೋಣ ಎಂದುಕೊಳ್ಳುತ್ತಾರೆ.

ಈ ಮಾತ್ರೆಯಿಂದ ಮೂಲವ್ಯಾಧಿ ಬರುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ಎಂದು ನಾವು ಕರೆದರೂ ಅದು ರಕ್ತವನ್ನು ನೀರಾಗಿಸುವುದಿಲ್ಲ, ಹೆಪ್ಪುಗಟ್ಟುವುದನ್ನು ತಡಮಾಡುತ್ತದೆ, ಅಷ್ಟೆ. ಗಟ್ಟಿ ಮಲ ಉಜ್ಜಿ ಊದಿದ ರಕ್ತನಾಳ ಗಾಯವಾದಾಗ, ಬೇಗ ನಿಲ್ಲಬೇಕಾದ ರಕ್ತ ಹೆಚ್ಚು ಹೊತ್ತು ಹರಿಯುತ್ತದೆ. ಹಾಗೆಂದು ಮಾತ್ರೆ ಬಿಟ್ಟರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಹುದು, ಆ ಗಡ್ಡೆ ಮೆದುಳಿಗೆ ಹೋದರೆ ಲಕ್ವ ಹೊಡೆಯಬಹುದು. ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಬಿಟ್ಟರೆ ಹೃದಯಾಘಾತವಾಗಬಹುದು.

ಮೇಷ್ಟ್ರಿಗೆ ಈಗಲೇ ರಕ್ತ ಹೆಚ್ಚಾದದ್ದೇಕೆ? ಹತ್ತು ದಿನದ ಹಿಂದೆ ಹಲ್ಲಿನ ಕೀವಿಗೆ ಮೆಟ್ರೊನಿಡಜೋಲ್ ಕೊಟ್ಟಿದ್ದರು, ಮಂಡಿನೋವಿಗೆ ಅಂಗಡಿಯಿಂದ ತಂದ ಡೈಕ್ಲೊಫೆನಾಕ್ ಜೊತೆಗಿತ್ತು. ಮೊದಲನೆಯದು ಅಸಿಟ್ರಾಮ್‌ನ ಬಲ ಹೆಚ್ಚಿಸುತ್ತದೆ, ಎರಡನೆಯದು ರಕ್ತಸ್ರಾವವನ್ನೇ ಹೆಚ್ಚಿಸುತ್ತದೆ. ಐಎನ್‌ಆರ್ ಪರೀಕ್ಷೆ ಮಾಡಿಸಿದಾಗ, ಅವರಿಗೆ 2.5ರಿಂದ 3.5ರೊಳಗೆ ಇರಬೇಕಾದ ಅಂಕಿ 5 ದಾಟಿತ್ತು. ಡೋಸ್ ಹೇಗೆ ಸರಿಪಡಿಸಬೇಕೆಂದು ವೈದ್ಯರೇ ನಿರ್ಧರಿಸಿದರು. ಆ ಎರಡು ಮಾತ್ರೆಗಳ ವಿಷಯವನ್ನು ಮೇಷ್ಟ್ರು ಹೇಳದೆ ಹೋಗಿದ್ದರೆ ಕಾರಣ ಸುಲಭವಾಗಿ ಸಿಗುತ್ತಿರಲಿಲ್ಲ.

ಆದ್ದರಿಂದ ವೈದ್ಯರ ಬಳಿ ಹೋಗುವಾಗ ಮಾತ್ರೆಗಳ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ಹೋಗಿ. ಮಾತ್ರೆ ಯಾವುದು, ಎಷ್ಟು ಮಿಲಿಗ್ರಾಮ್, ಯಾಕಾಗಿ, ಕೊನೆಯದಾಗಿ ಯಾವಾಗ ನುಂಗಿದಿರಿ ಎಂದು ಹೇಳಿ. ಸ್ಟೆಂಟ್ ಅಥವಾ ಕವಾಟ ಹಾಕಿಸಿದ್ದು ಯಾವಾಗ, ಕೊನೆಯ ಐಎನ್‌ಆರ್ ಎಷ್ಟು, ಕಿಡ್ನಿ ತೊಂದರೆ ಇದೆಯೇ ಎಂಬುದನ್ನೂ ಹೇಳಿ. ಈಚೆಗೆ ಸೇರಿಸಿಕೊಂಡ ನೋವಿನ ಮಾತ್ರೆ, ನಾಟಿ ಔಷಧಿ ಯಾವುದನ್ನೂ ಮುಚ್ಚಿಡಬೇಡಿ. ಪೈಲ್ಸ್‌ಗೆ ರಬ್ಬರ್ ಬ್ಯಾಂಡ್ ಹಾಕುತ್ತೇವೆ ಎಂದರೆ ಈ ಮಾತ್ರೆಯ ವಿಷಯ ಮೊದಲೇ ತಿಳಿಸಲೇಬೇಕು. ಬ್ಯಾಂಡ್ ಹಾಕಿದ ಒಂದೆರಡು ವಾರದ ನಂತರ, ಗಂಟು ಉದುರುವಾಗ ಜೋರಾಗಿ ರಕ್ತ ಹರಿಯಬಹುದು.

ರಕ್ತದ ಬಣ್ಣವನ್ನೂ ವಿವರಿಸಿ. ಮಲದ ಮೇಲೆ ಹತ್ತಿದ ಅಥವಾ ಆಮೇಲೆ ತೊಟ್ಟಿಕ್ಕುವ ಕೆಂಪು ರಕ್ತ ಸಾಮಾನ್ಯವಾಗಿ ಮೂಲವ್ಯಾಧಿಯದು. ಮಲದೊಳಗೆ ಬೆರೆತ ರಕ್ತ, ತೂಕ ಇಳಿಯುವುದು, ಮಲವಿಸರ್ಜನೆಯ ರೂಢಿ ಬದಲಾಗುವುದು ಇದ್ದರೆ ಕರುಳನ್ನೂ ನೋಡಬೇಕು. ಮೂಲವ್ಯಾಧಿ ಇದ್ದವರಿಗೂ ಕರುಳಿನ ಕ್ಯಾನ್ಸರ್ ಬರಬಹುದು.

ಡಾಂಬರಿನಂತೆ ಕಪ್ಪಾದ ಮಲ, ಗಡ್ಡೆ ಗಡ್ಡೆಯಾಗಿ ಹೋಗುವ ರಕ್ತ, ನಿಲ್ಲದ ರಕ್ತ, ಎದ್ದರೆ ತಲೆಸುತ್ತು, ಎದೆಬಡಿತ: ಇವುಗಳಲ್ಲಿ ಯಾವುದು ಕಂಡರೂ ಮರುದಿನದವರೆಗೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ. ಮುಂದಿನ ಡೋಸ್ ನುಂಗಬೇಕೇ ಬೇಡವೇ ಎಂಬುದನ್ನು ಅಲ್ಲಿನ ವೈದ್ಯರೇ ಹೇಳಲಿ.