ದೀಪದ ಹೆಸರಿನಲ್ಲಿ ಎಷ್ಟು ಮಾತು?

ಆನ್‌ಲೈನ್ ಅಂಗಡಿಯಲ್ಲಿ ದೀಪದ ಶೀರ್ಷಿಕೆಯನ್ನು ಹುಡುಕಾಟದ ಯಂತ್ರವೂ ಓದುತ್ತದೆ, ಕೊಳ್ಳುವವರೂ ಓದುತ್ತಾರೆ. ಯಂತ್ರವನ್ನಷ್ಟೇ ನೆನೆದವರು ‘ದೀಪ ಹಿತ್ತಾಳೆ ದೀಪ ಪೂಜಾ ದೀಪ ದಿಯಾ ದೀಪಾವಳಿ ದೀಪ ಗಿಫ್ಟ್’ ಎಂದು ಬರೆಯುತ್ತಾರೆ. ಇದು ಹೆಸರಲ್ಲ, ಜಪ. ಅಮೆಜಾನ್ 2025ರ ಜನವರಿಯಲ್ಲಿ ತಂದ ನಿಯಮದಂತೆ ಹೆಚ್ಚಿನ ಸರಕುಗಳ ಶೀರ್ಷಿಕೆ 200 ಅಕ್ಷರ ಮೀರುವಂತಿರಲಿಲ್ಲ. ಒಂದೇ ಪದ ಎರಡು ಸಲಕ್ಕಿಂತ ಹೆಚ್ಚು ಬರುವಂತೆಯೂ ಇರಲಿಲ್ಲ.

ಮೊಬೈಲಿನಲ್ಲಿ ಶೀರ್ಷಿಕೆಯ ಬಾಲ ಕತ್ತರಿಸಿಹೋಗುವುದರಿಂದ ಮುಖ್ಯ ಸಂಗತಿ ಮೊದಲೇ ಬರಬೇಕು: ‘ಹಿತ್ತಾಳೆ ಕಾಮಾಕ್ಷಿ ದೀಪ, 1 ಜೊತೆ, 10 ಸೆಂ.ಮೀ. ಎತ್ತರ, ದೇವರ ಮನೆಗೆ ಎಣ್ಣೆ ದೀಪ’. ಲೋಹ, ಬಗೆ, ಎಣಿಕೆ, ಅಳತೆ, ಬಳಕೆ ಎಲ್ಲವೂ ಇಲ್ಲಿವೆ. ಹುಡುಕುವ ಪದಗಳೂ ಅವೇ. ಉತ್ತರದವರ ‘ದಿಯಾ’, ತಮಿಳರ ‘ವಿಳಕ್ಕು’ ಮುಂತಾದ ಪರ್ಯಾಯಗಳನ್ನು ಗ್ರಾಹಕರಿಗೆ ಕಾಣದ ಹುಡುಕುಪದಗಳ ಖಾನೆಗೆ ಬಿಡಬಹುದು.

ಕೆಳಗಿನ ಅಂಶಗಳು ಫೋಟೊ ಹೇಳಲಾರದ್ದನ್ನು ಹೇಳಬೇಕು. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಅಂಗೈಯಗಲದ ದೀಪವೂ ಗುಡಿಯ ದೀಪದಂತೆ ಕಾಣುತ್ತದೆ. ಆದ್ದರಿಂದ ಮೊದಲ ಅಂಶದಲ್ಲಿ ಎತ್ತರ ಮತ್ತು ತೂಕ, ಎರಡನೆಯದರಲ್ಲಿ ಅಪ್ಪಟ ಹಿತ್ತಾಳೆಯೋ ಬರೀ ಲೇಪವೋ ಎಂಬುದು, ಆಮೇಲೆ ಎಷ್ಟು ಎಣ್ಣೆ ಹಿಡಿಯುತ್ತದೆ, ಹುಣಸೆಹಣ್ಣಿನಿಂದ ತಿಕ್ಕಬಹುದೇ ಎಂಬುದು. ‘ಮನೆಗೆ ದೈವಿಕ ಕಳೆ’ ಎಂಬ ಸಾಲು ಜಾಗ ತಿನ್ನುತ್ತದೆ, ಅಷ್ಟೆ.

ರಂಗೋಲಿಯಲ್ಲಿ ಎಡವಟ್ಟು ಇನ್ನೂ ಸುಲಭ. ಪುಡಿ, ಅಚ್ಚು, ನೆಲಕ್ಕೆ ಅಂಟಿಸುವ ಸ್ಟಿಕರ್, ಮೂರನ್ನೂ ಜನ ‘ರಂಗೋಲಿ’ ಎಂದೇ ಹುಡುಕುತ್ತಾರೆ. ‘ಸ್ಟಿಕರ್’ ಎಂಬ ಪದ ಶೀರ್ಷಿಕೆಯ ಕೊನೆಗೆ ಜಾರಿದರೆ, ಪುಡಿ ಬೇಕಿದ್ದವರ ಕೈಗೆ ಹಾಳೆ ಸೇರಿ, ಸರಕು ವಾಪಸಾಗುತ್ತದೆ.