ಕೆಮ್ಮುವ ಮುನ್ನ ಒಂದು ಬಿಗಿತ

ಹೈದರಾಬಾದಿನ ಕಾಚಿಗುಡದಲ್ಲಿ ಕನ್ನಡಿಗರೆಲ್ಲ ಸೇರಿ ಹಾಸ್ಯ ಸಂಜೆಯೊಂದನ್ನು ಇಟ್ಟುಕೊಂಡಿದ್ದರು. ಸಭೆಯೆಲ್ಲ ಬಿದ್ದು ಬಿದ್ದು ನಗುತ್ತಿದ್ದಾಗ ನನ್ನ ಪಕ್ಕದ ಹೆಣ್ಣುಮಗಳು ಮಾತ್ರ ಕಾಲಿಗೆ ಕಾಲು ಹೆಣೆದು, ಸೆರಗನ್ನು ಬಾಯಿಗೊತ್ತಿಕೊಂಡು ಕೂತಿದ್ದಳು. ಮುಂದಿನ ಚಟಾಕಿಗೆ ಎದ್ದೇ ಹೋದಳು. ಕಾರ್ಯಕ್ರಮ ಮುಗಿದ ಮೇಲೆ ಮೆಟ್ಟಿಲ ಬಳಿ ಸಿಕ್ಕು ಮೆಲ್ಲಗೆ ಕೇಳಿದಳು: "ಅಕ್ಕಾ, ನೀವು ಆರೋಗ್ಯದ ಬಗ್ಗೆ ಬರೀತೀರಲ್ಲ. ನಂಗ ಎರಡೂ ಸಿಸೇರಿಯನ್ ಆಗ್ಯಾವ. ಆದ್ರೂ ನಕ್ರ, ಸೀನಿದ್ರ ಹನಿ ಬೀಳತಾವ. ಯಾಕ್ರೀ?"

ತೆಲಂಗಾಣದಲ್ಲಿ ಈ ಪ್ರಶ್ನೆ ಹಲವರಿಗೆ ಸಲ್ಲುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿ ನೂರರಲ್ಲಿ ಸುಮಾರು 61 ಹೆರಿಗೆಗಳು ಸಿಸೇರಿಯನ್. ಹೊಟ್ಟೆ ಕೊಯ್ದು ಮಗುವನ್ನು ತೆಗೆದರೆ ಕೆಳಗಿನ ಭಾಗಕ್ಕೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಬಲವಾಗಿದೆ. ನಾರ್ವೆಯಲ್ಲಿ 15 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಕೇಳಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳಿತು. ಹೆರದವರಲ್ಲಿ ನೂರಕ್ಕೆ 10 ಮಂದಿಗೆ, ಬರೀ ಸಿಸೇರಿಯನ್ ಆದವರಲ್ಲಿ 16 ಮಂದಿಗೆ, ಸಹಜ ಹೆರಿಗೆಯಾದವರಲ್ಲಿ 21 ಮಂದಿಗೆ ಮೂತ್ರ ಸೋರುವ ತೊಂದರೆ ಇತ್ತು. ಸಿಸೇರಿಯನ್‌ನಿಂದ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಒಂಬತ್ತು ತಿಂಗಳು ಹೊತ್ತ ಭಾರವೇ ಆ ಜಾಗವನ್ನು ಸಡಿಲಿಸಿರುತ್ತದೆ.

ಸೋರುವುದು ಹೇಗೆ? ಅಮೆರಿಕದ ಮಿಷಿಗನ್‌ನ ವೈದ್ಯ ಜಾನ್ ಡಿಲ್ಯಾನ್ಸಿ 1994ರಲ್ಲಿ ಕೊಟ್ಟ ವಿವರಣೆ ನನಗೆ ಬಹಳ ಇಷ್ಟ. ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪನ್ನು ನೆನೆಯಿರಿ. ಶಹಾಬಾದ್ ಕಲ್ಲು ಹಾಸಿದ ಅಂಗಳದಲ್ಲಿ ಅದನ್ನು ತುಳಿದರೆ ಪೈಪ್ ಚಪ್ಪಟೆಯಾಗಿ ನೀರು ನಿಲ್ಲುತ್ತದೆ. ಮಳೆ ಬಂದು ಕೆಸರಾದ ನೆಲದಲ್ಲಿ ಅಷ್ಟೇ ಬಲವಾಗಿ ತುಳಿಯಿರಿ: ಪೈಪ್ ಕೆಸರಿನೊಳಗೆ ಇಳಿಯುತ್ತದೆ, ನೀರು ಹರಿಯುತ್ತಲೇ ಇರುತ್ತದೆ. ಹೆಂಗಸರ ಮೂತ್ರನಾಳ ಸುಮಾರು ನಾಲ್ಕು ಸೆಂಟಿಮೀಟರ್ ಉದ್ದದ ಅಂಥ ಒಂದು ಪೈಪ್. ಅದರ ಕೆಳಗೆ ಯೋನಿಯ ಗೋಡೆ, ನಾರಿನಂಥ ಪದರ, ಇವನ್ನು ಎರಡೂ ಬದಿಯಿಂದ ಎತ್ತಿ ಹಿಡಿದ ಸ್ನಾಯುಗಳು ಸೇರಿ ನೆಲವಾಗಿರುತ್ತವೆ. ಕೆಮ್ಮು, ಸೀನು, ನಗು ಎಂದರೆ ಹೊಟ್ಟೆಯಿಂದ ಬೀಳುವ ತುಳಿತ. ಗಟ್ಟಿ ನೆಲವಿದ್ದಾಗ ಅದೇ ತುಳಿತವೇ ನಾಳವನ್ನು ಮುಚ್ಚುತ್ತದೆ. ನೆಲ ಕುಸಿದಾಗ ನಾಳ ಮುಚ್ಚದೆ ಕೆಳಗಿಳಿಯುತ್ತದೆ, ಹನಿ ಹೊರಬರುತ್ತದೆ.

ಆದ್ದರಿಂದ ನೆಲವನ್ನು ಗಟ್ಟಿ ಮಾಡುವುದೇ ಮೊದಲ ಚಿಕಿತ್ಸೆ. "ಕೀಗಲ್ ಮಾಡಿ" ಎಂಬ ಸಲಹೆ ಎಲ್ಲ ಬಾಣಂತಿಯರ ಕಿವಿಗೂ ಬಿದ್ದಿರುತ್ತದೆ. ಆದರೆ ಆರ್ನಾಲ್ಡ್ ಕೀಗಲ್ ಹೇಳಿದ್ದರಲ್ಲಿ ಅರ್ಧ ಮಾತ್ರ ನಮ್ಮ ತನಕ ಬಂದಿದೆ. ಲಾಸ್ ಏಂಜಲಿಸ್‌ನ ಈ ವೈದ್ಯ 1948ರಲ್ಲಿ ವ್ಯಾಯಾಮದ ಜೊತೆಗೆ ಒಂದು ಉಪಕರಣವನ್ನೂ ಕೊಟ್ಟಿದ್ದ. ಯೋನಿಯೊಳಗೆ ಇಡುವ ಗಾಳಿ ತುಂಬಿದ ರಬ್ಬರ್ ಭಾಗ, ಅದಕ್ಕೆ ಜೋಡಿಸಿದ ಒತ್ತಡದ ಮಾಪಕ. ಸರಿಯಾಗಿ ಬಿಗಿದರೆ ಮುಳ್ಳು ಏರುವುದನ್ನು ಹೆಂಗಸು ತಾನೇ ಕಾಣಬೇಕಿತ್ತು. ಕಣ್ಣಿಗೆ ಕಾಣದ ಸ್ನಾಯುವನ್ನು ಬರೀ ಮಾತಿನಲ್ಲಿ ಕಲಿಸಲಾಗದು ಎಂಬುದು ಅವನಿಗೆ ಗೊತ್ತಿತ್ತು. ಆಮೇಲೆ ಮಾಪಕ ಮರೆಯಾಯಿತು, ಹೆಸರು ಉಳಿಯಿತು. 1991ರಲ್ಲಿ 47 ಹೆಂಗಸರಿಗೆ ಬಾಯಿಮಾತಿನಲ್ಲಿ ಹೇಳಿಕೊಟ್ಟು ಪರೀಕ್ಷಿಸಿದಾಗ ಸರಿಯಾಗಿ ಬಿಗಿದವರು ಅರ್ಧದಷ್ಟು ಮಾತ್ರ. ಕಾಲು ಭಾಗದವರು ಮಾಡುತ್ತಿದ್ದದ್ದು ಸೋರಿಕೆಯನ್ನು ಹೆಚ್ಚಿಸುವಂಥ ತಪ್ಪು. ಮೇಲಕ್ಕೆಳೆಯುವ ಬದಲು ಕೆಳಕ್ಕೆ ಮುಕ್ಕುತ್ತಿದ್ದರು.

ಆ ಹೆಣ್ಣುಮಗಳೂ ಅದನ್ನೇ ಮಾಡುತ್ತಿದ್ದಳು. ಯೂಟ್ಯೂಬ್ ನೋಡಿ ಆರು ತಿಂಗಳು ದಿನಾ ನೂರು ಸಲ. ಈ ಸ್ನಾಯುಗಳ ವಿಷಯ ಬಲ್ಲ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಹೋದಾಗ ಅವರು ಮೊದಲು ಕೇಳಿದ್ದು ಹನಿ ಯಾವಾಗ ಬೀಳುತ್ತದೆ ಎಂದು. ಕೆಮ್ಮಿದ ಅದೇ ಕ್ಷಣದಲ್ಲಿ ಬಿದ್ದರೆ ಅದು ನೆಲದ ತೊಂದರೆ. ಇದ್ದಕ್ಕಿದ್ದಂತೆ ಅವಸರವಾಗಿ, ಬಚ್ಚಲು ಮುಟ್ಟುವಷ್ಟರಲ್ಲಿ ಹೋದರೆ ಅದು ಮೂತ್ರಕೋಶದ್ದೇ ತೊಂದರೆ, ದಾರಿಯೇ ಬೇರೆ. ಉರಿ, ರಕ್ತ, ಹಗಲು ರಾತ್ರಿ ಬಿಡದೆ ಸೋರುವುದು ಇದ್ದರೆ ವ್ಯಾಯಾಮ ಬಿಟ್ಟು ಮೊದಲು ವೈದ್ಯರ ಬಳಿ ಹೋಗಬೇಕು.

ನಂತರ ಬೆರಳಿಟ್ಟು ಪರೀಕ್ಷಿಸಿದರು. ಉಸಿರು ಕಟ್ಟಿ, ಹೊಟ್ಟೆ ಬಿಗಿದು, ಕೆಳಗೆ ತಳ್ಳುತ್ತಿದ್ದಾಳೆಂದು ಗೊತ್ತಾಯಿತು. "ಹೂಸು ತಡೆಯೋ ಹಾಗೆ ಹಿಂದಿನಿಂದ ಶುರು ಮಾಡಿ ಮುಂದಕ್ಕೆ, ಮೇಲಕ್ಕೆ ಎಳ್ಕೊಳ್ಳಮ್ಮ" ಎಂದರು. ಮನೆಯಲ್ಲಿ ಕೈಗನ್ನಡಿ ಹಿಡಿದು ನೋಡಿದರೆ ಯೋನಿ ಮತ್ತು ಗುದದ ನಡುವಿನ ಜಾಗ ಒಳಕ್ಕೆ ಸೇದಿಕೊಳ್ಳಬೇಕು. ಉಬ್ಬಿ ಹೊರಬಂದರೆ ತಪ್ಪು. ಪೃಷ್ಠ, ತೊಡೆ ಬಿಗಿಯಬಾರದು, ಉಸಿರಾಟ ನಡೆಯುತ್ತಿರಬೇಕು. ಮೊದಲ ವಾರ ಅವಳಿಗೆ ಮೂರು ಸೆಕೆಂಡಿಗೆ ಹಿಡಿತ ಜಾರುತ್ತಿತ್ತು. ಹಾಗಾಗಿ ಮೂರು ಸೆಕೆಂಡಿನ ಎಂಟು ಬಿಗಿತ, ನಡುವೆ ಪೂರ್ತಿ ಸಡಿಲ, ದಿನಕ್ಕೆ ಮೂರು ಹೊತ್ತು, ಮಲಗಿಕೊಂಡು. ಆರನೇ ವಾರಕ್ಕೆ ಎಂಟು ಸೆಕೆಂಡು, ಅದೂ ನಿಂತುಕೊಂಡು. ಮೂತ್ರ ಹೊಯ್ಯುವಾಗ ನಡುವೆ ತಡೆದು ಅಭ್ಯಾಸ ಮಾಡುವುದನ್ನು ಬಿಡಿಸಿದರು, ಅದರಿಂದ ಕೋಶ ಪೂರ್ತಿ ಖಾಲಿಯಾಗುವ ಕ್ರಮ ಕೆಡಬಹುದು. ಬಾಣಂತನದಲ್ಲಿ ನೀರು ಕಡಿಮೆ ಕುಡಿಸುವ ರೂಢಿಯಿಂದ ಶುರುವಾಗಿದ್ದ ಮಲಬದ್ಧತೆಯನ್ನೂ ಸರಿಮಾಡಿಸಿದರು, ದಿನಾ ಮುಕ್ಕಿದರೆ ಕಟ್ಟಿದ ನೆಲವೂ ಕುಸಿಯುತ್ತದೆ.

ಇದಕ್ಕಿಂತ ಬೇಗ ಫಲ ಕೊಟ್ಟದ್ದು ಸಮಯದ ಪಾಠ. ಸೀನು ಬರುತ್ತದೆಂದು ಮೂಗು ಹೇಳಿದ ಕೂಡಲೇ ಬಿಗಿಯಬೇಕು, ಬಿಗಿದೇ ಸೀನಬೇಕು. ಮಗುವನ್ನು ಎತ್ತುವ ಮೊದಲೂ ಹಾಗೇ. ಡಿಲ್ಯಾನ್ಸಿ ಮತ್ತು ಸಂಗಡಿಗರು 1998ರಲ್ಲಿ 27 ಹೆಂಗಸರಿಗೆ ಇದನ್ನು ಕಲಿಸಿದಾಗ ಒಂದೇ ವಾರದಲ್ಲಿ ಸೋರಿಕೆ ಬಹಳಷ್ಟು ತಗ್ಗಿತು. ಒಂದು ವಾರದಲ್ಲಿ ಸ್ನಾಯು ಬೆಳೆಯುವುದಿಲ್ಲ. ಇದ್ದ ಬಲವೇ ಸರಿಯಾದ ಕ್ಷಣಕ್ಕೆ ಒದಗಿತು, ಅಷ್ಟೆ.

ಮೂರು ತಿಂಗಳಿಗೆ ಅವಳಿಗೆ ಪ್ಯಾಡ್ ಬೇಡವಾಯಿತು. ನೆಗಡಿ ಜೋರಾದಾಗ ಈಗಲೂ ಒಂದೆರಡು ಹನಿ ಬೀಳುತ್ತವೆ. ಎಲ್ಲರಿಗೂ ಇಷ್ಟು ಫಲ ಸಿಗುವುದಿಲ್ಲ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ಕಾಕ್ರೇನ್ ಪರಿಶೀಲನೆಯಲ್ಲಿ ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 56 ಮಂದಿ ಗುಣವಾಯಿತೆಂದರು, ಮಾಡದವರಲ್ಲಿ 6 ಮಂದಿ. ಉಳಿದವರಿಗೆ ಯೋನಿಯೊಳಗೆ ಇಟ್ಟು ನಾಳಕ್ಕೆ ಆಸರೆ ಕೊಡುವ ಸಿಲಿಕೋನ್ ಪೆಸರಿ ಇದೆ. ಕೊನೆಗೆ ಶಸ್ತ್ರಚಿಕಿತ್ಸೆ. ಸ್ವೀಡನ್ನಿನ ಉಲ್ಮ್‌ಸ್ಟೆನ್ 1996ರಲ್ಲಿ ವರದಿ ಮಾಡಿದ ವಿಧಾನದಲ್ಲಿ ನಾಳದ ಕೆಳಗೆ ಪಾಲಿಪ್ರೊಪಿಲೀನ್ ಪಟ್ಟಿಯೊಂದನ್ನು ಜೋಲಿಯಂತೆ ಹಾಕುತ್ತಾರೆ. ಬಹುಪಾಲು ಹೆಂಗಸರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಲವರಲ್ಲಿ ಪಟ್ಟಿ ಯೋನಿಗೋಡೆಯನ್ನು ಸವೆಸಿ ಹೊರಬರುತ್ತದೆ, ನೋವು ಉಳಿಯುತ್ತದೆ. ಅದಕ್ಕಾಗಿಯೇ ಇಂಗ್ಲೆಂಡ್ 2018ರಲ್ಲಿ ಇದರ ಬಳಕೆಗೆ ತಡೆ ಹಾಕಿತು. ಮೈಯದೇ ನಾರಿನ ಪದರದಿಂದ ಜೋಲಿ ಮಾಡುವ ಹಳೆಯ ಕ್ರಮವೂ ಇದೆ. ಇನ್ನೂ ಮಕ್ಕಳು ಬೇಕೆನ್ನುವವರು ಸಾಮಾನ್ಯವಾಗಿ ಕಾಯುವುದು ಒಳ್ಳೆಯದು.

ಲೇಸರಿನಿಂದ "ಬಿಗಿಗೊಳಿಸಿ" ಸೋರಿಕೆ ನಿಲ್ಲಿಸುತ್ತೇವೆ ಎಂಬ ಜಾಹೀರಾತಿಗೆ ಹಣ ಕೊಡಬೇಡಿ. ಇಂಥ ಉಪಕರಣಗಳಿಂದ ಸುಟ್ಟಗಾಯ, ಕಲೆಗಟ್ಟುವಿಕೆ, ಉಳಿದುಹೋಗುವ ನೋವು ಆಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ.

ಹೆರಿಗೆಯಾದ ಆರನೇ ವಾರದ ತಪಾಸಣೆಯಲ್ಲಿ ಮಗುವಿನ ತೂಕ ನೋಡುತ್ತಾರೆ, ಹೊಲಿಗೆ ನೋಡುತ್ತಾರೆ. ಸೋರಿಕೆಯ ಬಗ್ಗೆ ಕೇಳುವವರು ಕಡಿಮೆ. ನೀವೇ ಬಾಯಿಬಿಟ್ಟು ಹೇಳಿ: "ಕೆಮ್ಮಿದರೆ ಹನಿ ಬೀಳುತ್ತದೆ. ನಾನು ಸರಿಯಾಗಿ ಬಿಗಿಯುತ್ತಿದ್ದೇನೆಯೇ ಎಂದು ಒಮ್ಮೆ ಪರೀಕ್ಷಿಸಿ ನೋಡಿ."